‘ಹರಿಬಿಡಲಾಗುವುದು’ ಅಂದ್ರೆ ಯಾರು ಬಿಡ್ತಾರೆ? ಕಚೇರಿ ಕನ್ನಡವನ್ನು ವಾಟ್ಸಾಪ್ ಕನ್ನಡ ಮಾಡುವ ಕೆಲಸ

ಮಳೆಗಾಲ ಶುರುವಾಯ್ತು ಅಂದ್ರೆ ಹಂಪಿ ಬಜಾರ್ ಕಡೆಯ ವಾಟ್ಸಾಪ್ ಗ್ರೂಪುಗಳಿಗೆ ಒಂದೇ ಥರದ ಪ್ರಕಟಣೆಗಳು ಬರುತ್ತವೆ. ಮೇಲೆ ಲಾಂಛನ, ಕೆಳಗೆ ಸಹಿ, ನಡುವೆ ಉಸಿರು ಬಿಡಲು ಜಾಗವಿಲ್ಲದ ಒಂದು ವಾಕ್ಯ. ಅದರ ಅಡಿಯಲ್ಲಿ ಕೈಮುಗಿಯುವ ಇಮೋಜಿಗಳು ಬೀಳುತ್ತವೆ. ಆಮೇಲೆ ಯಾರಾದರೂ ಒಬ್ಬರು ಕೇಳುತ್ತಾರೆ: “ಏನಂತ್ರೀ ಇದು?”

ನಾನು ಹೊಸಪೇಟೆಯವನು. ಈ “ಏನಂತ್ರೀ ಇದು”ಗೆ ಉತ್ತರ ಬರೆಯುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಗೈಡ್‌ಗಳ ಗ್ರೂಪು, ಅಂಗಡಿಯವರ ಗ್ರೂಪು, ಓಣಿಯ ಗ್ರೂಪು, ಹೀಗೆ ಮೂರು ಕಡೆ ಬರೆಯುತ್ತೇನೆ. ಪ್ರಕಟಣೆಯನ್ನು ಸರಳ ಮಾಡುವುದು ಅಂದರೆ ಕಷ್ಟದ ಪದ ತೆಗೆದು ಸುಲಭದ ಪದ ಹಾಕುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಪದ ಬದಲಿಸುವುದು ಇದರಲ್ಲಿ ತೀರಾ ಸಣ್ಣ ಭಾಗ. ನಿಜವಾದ ತೊಡಕು ಇರುವುದು ಕ್ರಿಯಾಪದದ ಬಾಲದಲ್ಲಿ.

ಒಂದು ಉದಾಹರಣೆ ತಗೊಳ್ಳೋಣ. ಕೆಳಗಿನದು ನಾನೇ ಹೆಣೆದ ಮಾದರಿ, ಯಾವ ಕಚೇರಿಯ ನಿಜ ಪ್ರಕಟಣೆಯೂ ಅಲ್ಲ. ಆದರೆ ಈ ಭಾಗದವರಿಗೆ ಇದರ ಧಾಟಿ ತಕ್ಷಣ ಗುರುತು ಸಿಗುತ್ತದೆ.

“ತುಂಗಭದ್ರಾ ಜಲಾಶಯಕ್ಕೆ ಒಳಹರಿವಿನ ಪ್ರಮಾಣ ಹೆಚ್ಚಾಗಿರುವ ಹಿನ್ನೆಲೆಯಲ್ಲಿ, ಜಲಾಶಯದ ಸುರಕ್ಷತಾ ದೃಷ್ಟಿಯಿಂದ ಯಾವುದೇ ಕ್ಷಣದಲ್ಲಿ ಕ್ರಸ್ಟ್ ಗೇಟುಗಳ ಮೂಲಕ ಹೆಚ್ಚುವರಿ ನೀರನ್ನು ನದಿಗೆ ಹರಿಬಿಡಲಾಗುವುದರಿಂದ, ನದಿ ಪಾತ್ರದ ಗ್ರಾಮಗಳ ಸಾರ್ವಜನಿಕರು ಮುನ್ನೆಚ್ಚರಿಕೆ ವಹಿಸುವಂತೆ, ಜಾನುವಾರುಗಳನ್ನು ನದಿ ದಡಕ್ಕೆ ಬಿಡದಂತೆ ಹಾಗೂ ಸುರಕ್ಷಿತ ಸ್ಥಳಗಳಿಗೆ ತೆರಳುವಂತೆ ಈ ಮೂಲಕ ಕೋರಲಾಗಿದೆ.”

ಇದರಲ್ಲಿ ಸುಳ್ಳಿಲ್ಲ, ತಪ್ಪೂ ಇಲ್ಲ. ಕಾರಣ ಮೊದಲು ಬಂದಿದೆ, ನಡುವೆ ಘಟನೆ ಇದೆ, ನಾವು ಏನು ಮಾಡಬೇಕು ಅನ್ನುವುದು ಕೊನೆಗೆ ಬಂದಿದೆ. ಕಡತದ ಮಟ್ಟಿಗೆ ಇದು ಸರಿಯಾದ ಕ್ರಮವೇ. ಮೇಲಧಿಕಾರಿ ಓದುವಾಗ ಅವನಿಗೆ ಮೊದಲು ಬೇಕಾದ್ದು ಕಾರಣ. ಆದರೆ ವಾಟ್ಸಾಪ್ ನೋಟಿಫಿಕೇಶನ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದಕ್ಕೆ ಒತ್ತಿ ತೆಗೆಯಬೇಕು. ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿರುವವರಿಗೆ ಮೊದಲ ಎರಡು ಸಾಲಿನಲ್ಲಿ ಸಿಗುವುದು ‘ಒಳಹರಿವಿನ ಪ್ರಮಾಣ’ ಮತ್ತು ‘ಹಿನ್ನೆಲೆ’. (‘ನದಿ ಪಾತ್ರ’ ಅನ್ನುವುದನ್ನು ನಾಟಕದ ಪಾತ್ರದ ಹಾಗೆ ಓದಿ ನಕ್ಕವರನ್ನೂ ನಾನು ನೋಡಿದ್ದೇನೆ. ಅಡುಗೆಮನೆಯ ಪಾತ್ರೆಯನ್ನು ನೆನೆಸಿಕೊಂಡವರೂ ಇದ್ದಾರೆ.)

ನಾನು ಮೊದಲು ಮಾಡುವುದು ಬರೆಯುವ ಕೆಲಸವಲ್ಲ. ಪ್ರಕಟಣೆಗೆ ಐದು ಪ್ರಶ್ನೆ ಕೇಳುತ್ತೇನೆ. ಏನಾಗುತ್ತೆ? ಯಾವಾಗ? ಎಲ್ಲಿ? ಯಾರು ಮಾಡ್ತಾರೆ? ನಾನೇನು ಮಾಡಬೇಕು? ಮೇಲಿನ ವಾಕ್ಯಕ್ಕೆ ಇವನ್ನು ಹಾಕಿ ನೋಡಿ. ‘ಏನಾಗುತ್ತೆ’ಗೆ ಉತ್ತರ ಇದೆ. ‘ಯಾವಾಗ’ ಅಂದರೆ ‘ಯಾವುದೇ ಕ್ಷಣದಲ್ಲಿ’. ಅದು ಈಗಲೂ ಆಗಬಹುದು, ನಾಡಿದ್ದೂ ಆಗಬಹುದು. ‘ಎಲ್ಲಿ’ ಅಂದರೆ ‘ನದಿ ಪಾತ್ರದ ಗ್ರಾಮಗಳು’. ತಾನು ಅದರೊಳಗೆ ಬರುತ್ತೇನೋ ಇಲ್ಲವೋ ಅಂತ ಓದುವವನೇ ಊಹಿಸಿಕೊಳ್ಳಬೇಕು. ‘ಯಾರು’ ಅನ್ನುವುದಕ್ಕೆ ಉತ್ತರವೇ ಇಲ್ಲ.

ಈ ಕಾಣೆಯಾದ ‘ಯಾರು’ ಇರುವುದೇ ಕ್ರಿಯಾಪದದ ಬಾಲದಲ್ಲಿ. ‘ಹರಿಬಿಡಲಾಗುವುದು’, ‘ಕೋರಲಾಗಿದೆ’, ‘ಕ್ರಮ ಜರುಗಿಸಲಾಗುವುದು’. ನಮ್ಮ ಮಾತಿನಲ್ಲಿ ಈ ‘-ಅಲಾಗು’ ರೂಪ ಇಲ್ಲವೇ ಇಲ್ಲ ಅನ್ನಬಹುದು. ಮನೆಯಲ್ಲಿ ಯಾರೂ “ಅನ್ನ ಬಡಿಸಲಾಗಿದೆ” ಅನ್ನುವುದಿಲ್ಲ, “ಅನ್ನ ಬಡಿಸೀನಿ, ಬಾ” ಅಂತಾರೆ. ಈ ರೂಪದಲ್ಲಿ ಕೆಲಸ ಆಗುತ್ತದೆ, ಮಾಡಿದವರು ಮಾತ್ರ ಇರುವುದಿಲ್ಲ. ಮಾತಿನ ಕನ್ನಡಕ್ಕೆ ತರಲು ಹೊರಟರೆ ‘ಬಿಡ್ತಾರೆ’ ಅಂತ ಬರೆಯಬೇಕಾಗುತ್ತದೆ. ‘ಬಿಡ್ತಾರೆ’ ಅಂದ ಕೂಡಲೇ “ಯಾರು?” ಅನ್ನುವ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಅಣೆಕಟ್ಟೆಯ ಗೇಟುಗಳ ವಿಷಯದಲ್ಲಿ ಉತ್ತರ ತುಂಗಭದ್ರಾ ಮಂಡಳಿ. ಜನರನ್ನು ದಂಡೆಯಿಂದ ಸರಿಸುವುದು, ದೋಣಿ ನಿಲ್ಲಿಸುವುದು ಜಿಲ್ಲಾಡಳಿತದ ಕೆಲಸ. ಹೊಳೆಯ ಈ ದಂಡೆ ವಿಜಯನಗರ ಜಿಲ್ಲೆ, ಆ ದಂಡೆ ಕೊಪ್ಪಳ. ಅಂದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ನೀವು ಯಾವ ದಂಡೆಯಲ್ಲಿ ನಿಂತಿದ್ದೀರಿ ಅನ್ನುವುದರ ಮೇಲಿದೆ. ‘ಹರಿಬಿಡಲಾಗುವುದು’ ಅನ್ನುವ ಒಂದು ಪದ ಇಷ್ಟನ್ನೂ ಮುಚ್ಚಿಟ್ಟಿರುತ್ತದೆ. ಯಾರೋ ಬೇಕಂತಲೇ ಮುಚ್ಚುತ್ತಾರೆ ಅಂತ ನಾನು ಹೇಳುತ್ತಿಲ್ಲ. ಹಳೇ ಕಡತ ನೋಡಿ ಹೊಸ ಕಡತ ಬರೆಯುವ ಅಭ್ಯಾಸ ಅದು. ಪರಿಣಾಮ ಮಾತ್ರ ಎರಡರಲ್ಲೂ ಒಂದೇ.

ಉತ್ತರ ಇಲ್ಲದ ಪ್ರಶ್ನೆಗೆ ನಾನು ಉತ್ತರ ಸೃಷ್ಟಿಸುವುದಿಲ್ಲ. ಪ್ರಕಟಣೆಯ ಕೆಳಗಿರುವ ಕಚೇರಿ ನಂಬರಿಗೆ ಫೋನ್ ಮಾಡಿ ಕೇಳುತ್ತೇನೆ. ಸಿಗಲಿಲ್ಲ ಅಂದರೆ “ಹೊತ್ತು ಹೇಳಿಲ್ಲ” ಅಂತಲೇ ಬರೆಯುತ್ತೇನೆ. ‘ಯಾವುದೇ ಕ್ಷಣದಲ್ಲಿ’ಯನ್ನು ‘ಇನ್ನು ಸ್ವಲ್ಪ ಹೊತ್ತಿಗೆ’ ಅಂತ ಮಾಡಿದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಬೇರೆಯದೇ ಸುದ್ದಿ.

ಈಗ ಬರವಣಿಗೆ. ಅಂಗಡಿಯವರ ಗ್ರೂಪಿಗೆ ಹಾಕಬೇಕಾದರೆ ನಾನು ಹೀಗೆ ಬರೆಯುತ್ತೇನೆ:

“ಹೊಳಿ ಕಡೆ ಇಳೀಬ್ಯಾಡ್ರಿ. ಡ್ಯಾಮಿನಿಂದ ನೀರು ಬಿಡ್ತಾರ. ಹೊತ್ತು ಇಂತಾದ್ದು ಅಂತ ಹೇಳಿಲ್ಲ, ಯಾವಾಗ ಬೇಕಾದ್ರೂ ಬಿಡಬಹುದು. ಸ್ನಾನಘಟ್ಟ, ಚಕ್ರತೀರ್ಥ, ಪುರಂದರ ಮಂಟಪದ ಕಡೆ ನೀವೂ ಹೋಗಬ್ಯಾಡ್ರಿ, ಬಂದ ಪ್ರವಾಸಿಗರನ್ನೂ ಬಿಡಬ್ಯಾಡ್ರಿ. ದನ ಕರ ಹೊಳಿ ದಂಡ್ಯಾಗ ಇದ್ರ ಈಗ್ಲೇ ಹೊಡ್ಕೊಂಡು ಬರ್ರಿ. ಪ್ರಕಟಣೆ ಫೋಟೋ ಕೆಳಗ ಐತಿ. — ಆಗಸ್ಟ್ 11, ಭಾನುವಾರ, ಬೆಳಿಗ್ಗೆ 9ಕ್ಕೆ ಬರೆದದ್ದು.”

ಮೊದಲ ವಾಕ್ಯವೇ ‘ಇಳೀಬ್ಯಾಡ್ರಿ’. ಕಾರಣ ಎರಡನೆಯದು. ಒಳಹರಿವು, ಹಿನ್ನೆಲೆ, ಸುರಕ್ಷತಾ ದೃಷ್ಟಿ ಮೂರೂ ಹೋದವು. ಅವು ಬೇಕಾದವರು ಫೋಟೋ ತೆಗೆದು ಓದಿಕೊಳ್ಳುತ್ತಾರೆ. ‘ನದಿ ಪಾತ್ರದ ಗ್ರಾಮಗಳು’ ಹೋಗಿ ಜಾಗಗಳ ಹೆಸರು ಬಂದಿದೆ. ಇದೇ ಸಂದೇಶ ಕಂಪ್ಲಿ ಗ್ರೂಪಿಗೆ ಹೋಗುವುದಾದರೆ ಸ್ನಾನಘಟ್ಟ ಇಟ್ಟುಕೊಂಡು ಪ್ರಯೋಜನವಿಲ್ಲ. ಅಲ್ಲಿನವರಿಗೆ ಬೇಕಾದ್ದು ಗಂಗಾವತಿ ಕಡೆ ಹೋಗುವ ಸೇತುವೆಯ ಸುದ್ದಿ. ಹಾಗಾಗಿ ಒಂದೇ ಪ್ರಕಟಣೆಯಿಂದ ಎರಡು ಸಂದೇಶ ಹುಟ್ಟುತ್ತವೆ. ಒಂದನ್ನೇ ಎಲ್ಲರಿಗೂ ಫಾರ್ವರ್ಡ್ ಮಾಡಿದರೆ ಅದು ಮತ್ತೆ ‘ನದಿ ಪಾತ್ರದ ಗ್ರಾಮಗಳು’ ಥರವೇ ಆಗುತ್ತದೆ.

ಕ್ಯೂಸೆಕ್ ಲೆಕ್ಕದ ಬಗ್ಗೆ ಒಂದು ಮಾತು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. “ಒಂದು ಲಕ್ಷ ಕ್ಯೂಸೆಕ್” ಅಂತ ಬರೆದರೆ ದೊಡ್ಡದು ಅಂತ ಗೊತ್ತಾಗುತ್ತದೆ, ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಇಲ್ಲಿಯ ಹಿರಿಯರು ನೀರನ್ನು ಅಳೆಯುವುದು ಪುರಂದರ ಮಂಟಪದ ಕಂಬಗಳಲ್ಲಿ. ಆ ಅಳತೆ ಬಳಸುವುದು ಒಳ್ಳೆಯದೇ, ಆದರೆ ನೀರು ಆಗಲೇ ಏರಿರುವುದನ್ನು ಕಣ್ಣಾರೆ ಕಂಡಾಗ ಮಾತ್ರ. ಇಷ್ಟು ಕ್ಯೂಸೆಕ್ ಬಿಟ್ಟರೆ ಇಷ್ಟು ಕಂಬ ಮುಳುಗುತ್ತದೆ ಅಂತ ನಾನೇ ಲೆಕ್ಕ ಹಾಕಿ ಬರೆಯುವುದಿಲ್ಲ.

ಕೆಳಗೆ ತಾರೀಕು, ವಾರ, ಗಂಟೆ ಹಾಕಿದ್ದು ಅಲಂಕಾರಕ್ಕಲ್ಲ. ಮಾತಿನ ಕನ್ನಡದಲ್ಲಿ ನಾವು ‘ಇವತ್ತು’, ‘ನಾಳೆ’, ‘ಈಗ’ ಅಂತೇವೆ. ಎದುರಿಗೆ ನಿಂತು ಮಾತಾಡುವಾಗ ಅದು ಸಾಕು. ವಾಟ್ಸಾಪ್‌ನಲ್ಲಿ ಸಂದೇಶ ಸುತ್ತಾಡುತ್ತದೆ. ಭಾನುವಾರ ಬರೆದ ‘ನಾಳೆ’ಯನ್ನು ಬುಧವಾರ ಯಾರೋ ಮತ್ತೊಂದು ಗ್ರೂಪಿಗೆ ತಳ್ಳುತ್ತಾರೆ. ಮುಂದಿನ ವರ್ಷ ಅದೇ ಸಂದೇಶ ಮತ್ತೆ ಎದ್ದು ಬರುವುದೂ ಉಂಟು. ಕಚೇರಿ ಭಾಷೆಯಲ್ಲಿ ಈ ಕಾಯಿಲೆ ಇಲ್ಲ. ಅಲ್ಲಿ ಪ್ರತಿ ಕಾಗದಕ್ಕೂ ದಿನಾಂಕ ಇರುತ್ತದೆ. ಸಡಿಲ ಮಾಡುವ ಭರದಲ್ಲಿ ನಾವು ಮೊದಲು ಕಳೆದುಕೊಳ್ಳುವುದು ಅದನ್ನೇ.

ಮಾತಿನ ಕನ್ನಡಕ್ಕೆ ಇನ್ನೊಂದು ಅಪಾಯವಿದೆ, ಚಿಕ್ಕದು ಮಾಡುವ ಚಟ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಹೊತ್ತು. ಆ ಒಂದು ಕಿಂಡಿಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಸುಮಾರು ಒಂದು ವಾರದಲ್ಲಿ ಆ ಜಾಗಕ್ಕೆ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿದರು. ಈಗ ನೋಡಿ, “ಡ್ಯಾಮಿನ ಒಂದು ಗೇಟ್ ಹೋಗೈತಿ” ಅನ್ನುವುದನ್ನು ಇನ್ನೊಂದಿಷ್ಟು ಚಿಕ್ಕದು ಮಾಡಿದರೆ “ಡ್ಯಾಮ್ ಹೋಗೈತಿ” ಆಗುತ್ತದೆ. ಎರಡು ಪದ ಬಿಟ್ಟರೆ ಸಾಕು, ಮೊದಲನೆಯದು ಎಚ್ಚರಿಕೆ, ಎರಡನೆಯದು ಊರು ಖಾಲಿ ಮಾಡಿಸುವ ಸುಳ್ಳು. ಹಾಗಾಗಿ ನನ್ನದೊಂದು ಕಟ್ಟುನಿಟ್ಟು: ಏನು ಆಗಿದೆ ಅನ್ನುವುದರ ಜೊತೆಗೆ ಏನು ಆಗಿಲ್ಲ ಅನ್ನುವುದನ್ನೂ ಬರೆಯಬೇಕು. “19ನೇ ಗೇಟ್ ಒಂದು ಕಿತ್ಕೊಂಡು ಹೋಗೈತಿ. ಡ್ಯಾಮಿಗೆ ಏನೂ ಆಗಿಲ್ಲ ಅಂತ ಮಂಡಳಿಯವರು ಹೇಳ್ಯಾರ.” ಎರಡನೆಯ ವಾಕ್ಯವನ್ನು ಮಂಡಳಿ ನಿಜವಾಗಿ ಹೇಳಿದ್ದರೆ ಮಾತ್ರ ಬರೆಯಬೇಕು, ಅದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಮರ್ಯಾದೆಯ ವಿಷಯ. ನನ್ನ ಜೊತೆ ಬರೆಯಲು ಬಂದವರಲ್ಲಿ ನಿವೃತ್ತ ಮೇಷ್ಟ್ರುಗಳಿದ್ದಾರೆ, ಸಂಘದ ಕಾರ್ಯದರ್ಶಿಗಳಿದ್ದಾರೆ. ‘ಇಂದ, ಗೆ, ಮಾನ್ಯರೇ, ವಿಷಯ’ ಕ್ರಮದಲ್ಲಿ ಬದುಕಿಡೀ ಬರೆದವರು. ಅವರಿಗಿರುವ ಭಯ ಒಂದೇ. ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’ ತೆಗೆದರೆ ಮರ್ಯಾದೆ ಹೋಯ್ತಲ್ಲ ಅಂತ. ಈ ಭಯ ಸಹಜ. ಆದರೆ ಕನ್ನಡದಲ್ಲಿ ಮರ್ಯಾದೆ ಕೂತಿರುವುದು ‘ದಯವಿಟ್ಟು’ವಿನಲ್ಲಿ ಅಲ್ಲ. ನಿಮ್ಮ ಮನೆಯಲ್ಲಿ ಕೊನೆಯ ಸಲ ಯಾರು ‘ದಯವಿಟ್ಟು’ ಅಂದರು, ನೆನಪಿದೆಯಾ? ನಮ್ಮ ಕಡೆ ಅದು ಕೂತಿರುವುದು ‘ರಿ’ಯಲ್ಲಿ, ‘ಒಂಚೂರು’ನಲ್ಲಿ, ‘ಅಣ್ಣಾ’, ‘ಅಕ್ಕಾ’, ‘ಯಜಮಾನ್ರೇ’ಯಲ್ಲಿ, ಪ್ರಶ್ನೆ ಮಾಡಿ ಕೇಳುವುದರಲ್ಲಿ. “ಸಭೆಗೆ ತಾವು ತಪ್ಪದೇ ಆಗಮಿಸಬೇಕಾಗಿ ವಿನಂತಿ” ಅನ್ನುವುದು “ಗುರುವಾರ ಸಂಜಿ ಮೀಟಿಂಗಿಗೆ ಒಂಚೂರು ಬರ್ತೀರೇನ್ರೀ ಅಕ್ಕಾ? ನೀವು ಬಂದ್ರ ಒಳ್ಳೇದಿತ್ತು” ಆದಾಗ ಮರ್ಯಾದೆ ಕಡಿಮೆಯಾಗಿಲ್ಲ. ಇನ್ನೂ ಹತ್ತಿರ ಬಂದಿದೆ. ‘ತಾವು’ ತೆಗೆದು ‘ನೀವು’ ಹಾಕಿದರೆ ಏನೂ ಕೆಡುವುದಿಲ್ಲ. ‘ನೀವು’ ತೆಗೆದು ‘ನೀನು’ ಹಾಕಿದರೆ ಜಗಳ ಆಗುತ್ತದೆ. ಗೆರೆ ಇರುವುದು ಅಲ್ಲಿ.

‘ಹೋಗಬ್ಯಾಡ್ರಿ’, ‘ಐತಿ’ ಅಂತ ಬರೆಯುವುದರ ಬಗ್ಗೆ ನನ್ನ ಹತ್ತಿರ ವಾದ ಮಾಡುವವರೂ ಇದ್ದಾರೆ. ನಾನು ಈ ಊರಿನವನು, ನನ್ನ ಬಾಯಲ್ಲಿ ಹೊರಡುವುದು ಅದೇ. ಬೆಂಗಳೂರಿನಿಂದ ಬಂದು ಇಲ್ಲಿ ಕೆಲಸ ಮಾಡುವ ಗೆಳೆಯರು ಅದನ್ನು ಅನುಕರಿಸಿ ಬರೆದರೆ ಅಣಕದ ಥರ ಕೇಳಿಸುತ್ತದೆ. ಅವರು ತಮ್ಮದೇ ‘ಹೋಗಬೇಡಿ’ಯಲ್ಲಿ ಬರೆಯಲಿ, ಎಲ್ಲರಿಗೂ ಅರ್ಥವಾಗುತ್ತದೆ. ಈ ಗ್ರೂಪುಗಳಲ್ಲಿ ಮನೆಯಲ್ಲಿ ತೆಲುಗು, ಉರ್ದು ಆಡುವವರೂ ಇದ್ದಾರೆ. ತೀರಾ ಓಣಿಯ ಉಚ್ಚಾರಕ್ಕೆ ಇಳಿದರೆ ಅವರಿಗೆ ಓದುವುದು ಕಷ್ಟ. ನನ್ನ ಪರೀಕ್ಷೆ ಒಂದೇ: ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ. ನಾಲಿಗೆ ಎಲ್ಲಿ ತಡೆಯುತ್ತದೋ ಅಲ್ಲಿ ಇನ್ನೂ ಕಚೇರಿ ಉಳಿದಿದೆ ಅಂತ ಅರ್ಥ. ಓದು ಬಾರದವರಿಗಾಗಿ ಅದನ್ನೇ ಅರ್ಧ ನಿಮಿಷದ ವಾಯ್ಸ್ ನೋಟ್ ಮಾಡಿ ಹಾಕುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ, ಈ ಕೆಲಸವನ್ನು ತುಂಬ ಹುಷಾರಾಗಿ ಮಾಡಬೇಕಾದ ಒಂದು ಜಾಗ ಇದೆ. ಅದು ನೋಟಿಸು.

ಹಂಪಿ ಬಜಾರಿನಲ್ಲಿ ನೋಟಿಸು ಅನ್ನುವ ಪದಕ್ಕೆ ಬೇರೆಯದೇ ತೂಕ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬೀದಿಯ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಲಾಯಿತು. ನೋಡಿ, ನನ್ನ ಕೈಯಲ್ಲೂ ‘ಮಾಡಲಾಯಿತು’ ಬಂತು. ತೆರವು ಮಾಡಿದ್ದು ಆಗಿನ ಬಳ್ಳಾರಿ ಜಿಲ್ಲಾಡಳಿತ. ಕಾರಣ ಸ್ಮಾರಕಗಳ ಸಂರಕ್ಷಣೆ. ಆಮೇಲೆ ಅಲ್ಲಿದ್ದವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಆ ತೆರವು ಸರಿಯೋ ತಪ್ಪೋ ಅನ್ನುವುದು ಇನ್ನೊಂದು ಲೇಖನದ ಮಾತು. ಇಲ್ಲಿ ಹೇಳುವುದಿಷ್ಟೇ: ಅಂದಿನಿಂದ ಈ ಭಾಗದಲ್ಲಿ ಕಾಗದ ಬಂದರೆ ಜನ ಮೊದಲು ಹೆದರುತ್ತಾರೆ, ಆಮೇಲೆ ಮಡಚಿ ಇಡುತ್ತಾರೆ. ಮಡಚಿ ಇಡುವುದೇ ಅಪಾಯ. ಯಾಕೆ ಅಂತ ನೋಡೋಣ.

ಇಂಥ ನೋಟಿಸಿನ ಕೊನೆಯಲ್ಲಿ ಮಾಮೂಲಿಯಾಗಿ ಬರುವ ಧಾಟಿ ಹೀಗಿರುತ್ತದೆ: “ಸದರಿ ನೋಟಿಸು ತಲುಪಿದ ಏಳು ದಿನಗಳೊಳಗಾಗಿ ತಮ್ಮ ಲಿಖಿತ ಸಮಜಾಯಿಷಿಯನ್ನು ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಪರಿಗಣಿಸಿ ನಿಯಮಾನುಸಾರ ಮುಂದಿನ ಕ್ರಮ ಜರುಗಿಸಲಾಗುವುದು.”

ಇಲ್ಲಿ ಬಾಲ ‘ತಕ್ಕದ್ದು’. ಕಚೇರಿ ಕನ್ನಡದಲ್ಲಿ ಒತ್ತಾಯಕ್ಕೆ ಮೆಟ್ಟಿಲುಗಳಿವೆ. ‘ಕೋರಲಾಗಿದೆ’ ಅಂದರೆ ಕೇಳಿಕೊಳ್ಳುತ್ತಿದ್ದಾರೆ. ‘ಸೂಚಿಸಲಾಗಿದೆ’ ಅಂದರೆ ಹೇಳಿದ್ದಾರೆ, ಮಾಡಬೇಕು. ‘ತಕ್ಕದ್ದು’ ಅಂದರೆ ಮಾಡಲೇಬೇಕು, ಬಿಟ್ಟರೆ ಪರಿಣಾಮ ಇದೆ. ‘ಬಹುದು’ ಅಂದರೆ ನಿಮ್ಮಿಷ್ಟ. ಸ್ನೇಹದ ಧಾಟಿಗೆ ತರುವಾಗ ಎಲ್ಲವೂ ‘ಮಾಡ್ರಿ’ ಆಗಿಬಿಟ್ಟರೆ ಈ ಮೆಟ್ಟಿಲುಗಳು ಸಪಾಟಾಗುತ್ತವೆ. ಹಾಗಾಗಿ ‘ತಕ್ಕದ್ದು’ ಇದ್ದಲ್ಲೆಲ್ಲ ನಾನು ‘-ಲೇಬೇಕು’ ಹಾಕುತ್ತೇನೆ, ‘ಬಹುದು’ ಇದ್ದಲ್ಲಿ ‘ಬೇಕಂದ್ರ ಮಾಡ್ರಿ’. ಎಷ್ಟೇ ಸಡಿಲ ಮಾಡಿದರೂ ಇದನ್ನು ಮಾತ್ರ ಸಡಿಲ ಮಾಡುವುದಿಲ್ಲ.

ಎರಡನೆಯ ವಾಕ್ಯ ಇನ್ನೂ ಮುಖ್ಯ. ‘ಹೇಳಿಕೆ ಏನೂ ಇಲ್ಲವೆಂದು ಪರಿಗಣಿಸಿ’ ಅಂದರೆ ನೀವು ಸುಮ್ಮನಿದ್ದರೆ ನಿಮ್ಮ ಮೌನವನ್ನೇ ಉತ್ತರ ಅಂತ ಬರೆದುಕೊಳ್ಳುತ್ತಾರೆ. ಹೆದರಿ ಮಡಚಿಟ್ಟವರಿಗೆ ಆಗುವುದು ಇದೇ. ಓಣಿಯ ಅಣ್ಣ ಒಬ್ಬರಿಗೆ ಇದನ್ನು ಹೇಳಬೇಕಾದರೆ ನಾನು ಬರೆಯುವುದು ಹೀಗೆ:

“ಅಣ್ಣಾ, ಈ ಕಾಗದಕ್ಕ ಉತ್ತರ ಬರೆದು ಕೊಡಲೇಬೇಕು, ಬಾಯಲ್ಲಿ ಹೇಳಿದ್ರ ನಡಿಯಂಗಿಲ್ಲ. ಕಾಗದ ನಿಮ್ಮ ಕೈಗೆ ಬಂದ ದಿನದಿಂದ ಏಳು ದಿನ. ಕವರ್ ಬಿಸಾಕಬ್ಯಾಡ್ರಿ, ಬಂದ ತಾರೀಕು ಅದರ ಮ್ಯಾಲೆ ಈಗ್ಲೇ ಬರೀರಿ. ಸುಮ್ನ ಇದ್ರ ‘ಇವ್ರದ್ದು ಹೇಳೋದೇನೂ ಇಲ್ಲ’ ಅಂತ ತಿಳ್ಕೊಂಡು ಮುಂದ ಹೋಗ್ತಾರ. ಉತ್ತರ ಏನು ಬರೀಬೇಕು ಅಂತ ವಕೀಲರನ್ನ ಕೇಳೋಣು. ನಾ ಜೊತಿಗೆ ಬರ್ತೀನಿ.”

ಇದರಲ್ಲಿ ನಾನು ಮಾಡದೇ ಬಿಟ್ಟದ್ದನ್ನೂ ಗಮನಿಸಿ. ‘ನಿಯಮಾನುಸಾರ ಮುಂದಿನ ಕ್ರಮ’ ಅಂದರೆ ಏನು ಅಂತ ನಾನು ಬಿಡಿಸಿಲ್ಲ. ಯಾವ ನಿಯಮ, ಯಾವ ಕಲಂ ಅನ್ನುವುದೆಲ್ಲ ಸಾಮಾನ್ಯವಾಗಿ ನೋಟಿಸಿನಲ್ಲೇ ಉಲ್ಲೇಖವಾಗಿ ಇರುತ್ತದೆ. ಅದು ವಕೀಲರು ಓದಬೇಕಾದ ಭಾಗ. ಅದನ್ನು ಸ್ನೇಹದ ಮಾತಿಗೆ ತಿರುಗಿಸಿದರೆ ಅಣ್ಣನಿಗೆ ಅರ್ಥವಾದ ಹಾಗೆ ಅನ್ನಿಸುತ್ತದೆ, ವಕೀಲರ ಹತ್ತಿರ ಹೋಗುವ ಅಗತ್ಯ ಕಡಿಮೆಯಾದ ಹಾಗೂ ಅನ್ನಿಸುತ್ತದೆ. ಆ ಎರಡನೆಯದು ಬೇಡ. ಇನ್ನೊಂದು, ಇಂಥ ಸಂದೇಶ ಗ್ರೂಪಿಗೆ ಹಾಕುವುದಿಲ್ಲ. ಒಬ್ಬರ ನೋಟಿಸು ಅವರಿಗೆ ಮಾತ್ರ ಹೋಗಬೇಕು.

ಅಣ್ಣ ಬರೆಯುವ ಉತ್ತರ ಯಾವ ಭಾಷೆಯಲ್ಲಿರಬೇಕು ಅಂತ ಈ ಹಂತದಲ್ಲಿ ಬಹಳ ಜನ ಕೇಳುತ್ತಾರೆ. ಅಲ್ಲಿ ನಾನು ಪೂರಾ ಉಲ್ಟಾ. ‘ಇಂದ, ಗೆ, ವಿಷಯ, ಉಲ್ಲೇಖ, ಮಾನ್ಯರೇ’ ಎಲ್ಲವೂ ಇರಲಿ, ಮೇಷ್ಟ್ರನ್ನು ಕರೆದು ಬರೆಸೋಣ. ಉಲ್ಲೇಖದಲ್ಲಿ ನೋಟಿಸಿನ ಸಂಖ್ಯೆ, ದಿನಾಂಕ ಇದ್ದಂತೆಯೇ ಬರಲಿ. ಕಡತಕ್ಕೆ ಕಡತದ ಭಾಷೆಯೇ ಸರಿ. ಅಲ್ಲಿ ನಮ್ಮ ಕಡೆಯಿಂದ ಒಂದೇ ಒಂದು ಬದಲಾವಣೆ: ನಮ್ಮ ವಾಕ್ಯಗಳಲ್ಲಿ ‘ಮಾಡಲಾಗಿದೆ’ ಬೇಡ. “ಸದರಿ ಸ್ಥಳದಲ್ಲಿ ವ್ಯಾಪಾರ ನಡೆಸಲಾಗುತ್ತಿದೆ” ಅಂತ ಬರೆದರೆ ಯಾರು, ಎಂದಿನಿಂದ ಅನ್ನುವುದು ಕಡತದಲ್ಲಿ ಉಳಿಯುವುದೇ ಇಲ್ಲ. “ನಾನು ಇಂತಿಷ್ಟು ವರ್ಷದಿಂದ ಇಲ್ಲಿ ವ್ಯಾಪಾರ ಮಾಡುತ್ತಿದ್ದೇನೆ, ರಸೀದಿಗಳನ್ನು ಲಗತ್ತಿಸಿದ್ದೇನೆ” ಅಂತ ಬರೆಯಲಿ. ಎರಡು ಪ್ರತಿ ಮಾಡಿಸಿ, ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಂಡು ಬರಬೇಕು. ಸೀಲು ಹಾಕಲು ಒಪ್ಪಲಿಲ್ಲ ಅಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಆ ನೋಟಿಸಿನ ಕವರಿನ ಜೊತೆಗೇ ಪಿನ್ ಮಾಡಿ ಇಡಬೇಕು.